ಗೋಡೆಯ ಮೇಲಿನ ಎರಡು ಕಾಗದ

ಅಬ್ಬಿಗೆರೆಯ ಒಂದು ಸಣ್ಣ ಗಾರ್ಮೆಂಟ್ ವಾಷಿಂಗ್ ಘಟಕದಲ್ಲಿ ನನ್ನ ಸೋದರಮಾವ ಬಾಯ್ಲರ್ ಅಟೆಂಡೆಂಟ್. ಬಾಯ್ಲರ್ ಕೋಣೆಯ ಗೋಡೆಗೆ ಎರಡು ಕಾಗದ ತೂಗುಹಾಕಿದ್ದಾರೆ. ಒಂದು ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಯ ಪ್ರಮಾಣಪತ್ರ, ಇನ್ನೊಂದು ವಿಮಾ ಪಾಲಿಸಿ. ಸಂಶೋಧನೆಗೆಂದು ಕಾರ್ಖಾನೆ ಕಾನೂನು ಓದುತ್ತಿರುವ ನನಗೆ ಅವೆರಡೂ ಒಂದೇ ಮಾತನ್ನು ಹೇಳುವಂತೆ ಕಂಡಿದ್ದವು. ಹಾಗಲ್ಲ.

ಪ್ರಮಾಣಪತ್ರದ್ದು ಹಳೆಯ ಕಥೆ. 1863ರಲ್ಲಿ ಕಲ್ಕತ್ತೆಯ ಬಳಿ ಬಾಯ್ಲರ್ ಸಿಡಿದ ಮೇಲೆ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಮುಂದೆ 1923ರ ಕಾಯ್ದೆ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ಈಗ ಅದರ ಜಾಗದಲ್ಲಿ 2025ರ ಕಾಯ್ದೆಯಿದೆ. ತಪಾಸಣೆಗೆ ಮೊದಲು ಬಾಯ್ಲರನ್ನು ಆರಿಸಿ, ತಣಿಸಿ, ಬರಿದು ಮಾಡಿ, ಒಳಗೆ ಕಟ್ಟಿದ ಸುಣ್ಣದ ಪದರ ಕೆರೆದು ತೆಗೆಯಬೇಕು. ಆಮೇಲೆ ಪೂರ್ತಿ ನೀರು ತುಂಬಿ, ದಿನನಿತ್ಯದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುತ್ತಾರೆ. "ಹಬೆಯಲ್ಲೇ ಯಾಕೆ ನೋಡಲ್ಲ ಮಾಮ?" ಎಂದು ಕೇಳಿದೆ. "ತಣ್ಣೀರು ಕುಗ್ಗಲ್ಲ ಕಣಪ್ಪ, ತಗಡು ಬಿಟ್ಟುಕೊಟ್ರೆ ಸೋರತ್ತೆ ಅಷ್ಟೆ. ಹಬೆ ಆದ್ರೆ ಗೋಡೆನೇ ಹಾರತ್ತೆ," ಎಂದರು. ನೀರು ಹಬೆಯಾದಾಗ ಸುಮಾರು 1600 ಪಟ್ಟು ಹಿಗ್ಗುತ್ತದೆ. ಒತ್ತಡದಲ್ಲಿ ಕುದಿಯುವ ನೀರಿಗೆ ಏಕಾಏಕಿ ದಾರಿ ಸಿಕ್ಕರೆ ಅದರಲ್ಲೊಂದು ಪಾಲು ಕ್ಷಣದಲ್ಲೇ ಹಬೆಯಾಗುತ್ತದೆ.

ಎರಡನೆಯ ಕಾಗದದಲ್ಲಿ ಎಡವುವವರು ಹೆಚ್ಚು. ಬೆಂಕಿ ವಿಮೆ ಇದೆಯಲ್ಲ ಎಂದು ಮಾಲೀಕರು ನಿಶ್ಚಿಂತರಾಗಿರುತ್ತಾರೆ. ಆದರೆ ಸಾಮಾನ್ಯ ಬೆಂಕಿ ಪಾಲಿಸಿಯಲ್ಲಿ, ಹಬೆ ಉತ್ಪಾದಿಸುವ ಪಾತ್ರೆ ತಾನೇ ಸಿಡಿದರೆ ಆ ಪಾತ್ರೆಗಾದ ಹಾನಿಯನ್ನು ಹೊರಗಿಟ್ಟಿರುತ್ತಾರೆ. ಅದಕ್ಕೆಂದೇ ಬಾಯ್ಲರ್ ಮತ್ತು ಪ್ರೆಷರ್ ಪ್ಲಾಂಟ್ ಪಾಲಿಸಿ ಬೇಕು. ಅದು ಸಿಡಿತಕ್ಕೆ ಮತ್ತು ಕುಸಿತಕ್ಕೆ ಹಣ ಕೊಡುತ್ತದೆ. ಸವೆತ, ತುಕ್ಕು, ಕೊಳವೆ ಸೋರಿಕೆಗೆ ಕೊಡುವುದಿಲ್ಲ.

ಮೊತ್ತದಲ್ಲೂ ಒಂದು ಪೆಟ್ಟಿದೆ. ಒಬ್ಬರು ಸೆಕೆಂಡ್ ಹ್ಯಾಂಡ್ ಬಾಯ್ಲರನ್ನು 8 ಲಕ್ಷಕ್ಕೆ ಕೊಂಡು ಅಷ್ಟಕ್ಕೇ ವಿಮೆ ಮಾಡಿಸಿದರು ಎನ್ನೋಣ. ಅಂಥದ್ದೇ ಹೊಸದಕ್ಕೆ 16 ಲಕ್ಷ. ವಿಮೆ ಲೆಕ್ಕ ಹಾಕುವುದು ಹೊಸದರ ಬೆಲೆಯ ಮೇಲೆ. ಆದ್ದರಿಂದ 6 ಲಕ್ಷದ ಹಾನಿಯಾದರೆ ಕೈಗೆ ಬರುವುದು 3 ಲಕ್ಷ, ಅದರಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಪಾಲು ಕಳೆದು. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಆ ಕ್ಲೇಮೂ ತಕರಾರಿಗೆ ಬೀಳುತ್ತದೆ.

ಮಾಮನ ಕಣ್ಣು ಮಾತ್ರ ಕಾಗದದ ಮೇಲಿರುವುದಿಲ್ಲ, ನೀರಿನ ಮಟ್ಟ ತೋರಿಸುವ ಗಾಜಿನ ಮೇಲಿರುತ್ತದೆ. ಗಾಜಿನಲ್ಲಿ ನೀರು ಕಾಣದಿದ್ದರೆ ಮೊದಲು ಉರಿ ನಿಲ್ಲಿಸಬೇಕು. ಗಾಬರಿಯಲ್ಲಿ ತಣ್ಣೀರು ಬಿಟ್ಟರೆ ಕೆಂಪಗೆ ಕಾದ ತಗಡಿನ ಮೇಲೆ ಅದು ಒಮ್ಮೆಲೇ ಹಬೆಯಾಗುತ್ತದೆ.

ಪಾಲಿಸಿಯ ಒಂದು ಸಾಲನ್ನು ಅವರಿಗೆ ಓದಿ ಹೇಳಿದೆ. ಸಿಡಿತದಲ್ಲಿ ಗಾಯಗೊಂಡ ಹೊರಗಿನವರಿಗೆ ಪರಿಹಾರವಿದೆ, ಮಾಲೀಕರ ನೌಕರರಿಗೆ ಇಲ್ಲ. ಬಾಯ್ಲರಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವರಿಗೆ ಇರುವುದು ಇಎಸ್‌ಐ. ಅದರ ವ್ಯಾಪ್ತಿಗೆ ಬರದವರಿಗೆ ಮಾಲೀಕರು ನೌಕರರ ಪರಿಹಾರ ವಿಮೆಯನ್ನು ಬೇರೆಯಾಗಿ ಮಾಡಿಸಿರಬೇಕು. ಆ ಮೂರನೆಯ ಕಾಗದ ಆ ಗೋಡೆಯ ಮೇಲಿರಲಿಲ್ಲ.