ಎಂಟು ಬಳೆಯ ಲೆಕ್ಕ

ನಾನಾಗ ಐದನೇ ಕ್ಲಾಸು. ಊರ ಜಾತ್ರೆಯ ದಿನ ಅವ್ವ ನೂರರ ನೋಟೊಂದನ್ನು ನನ್ನ ಕೈಗಿಟ್ಟು ಹೇಳಿದಳು: "ಕೈಗೆ ನಾಕರಂಗ ಎಂಟು ಬಳಿ ತಗೋ. ಹುಡುಗರಿಗೆ ಪೀಪಿ ಕೊಡಿಸು. ಉಳಿದದ್ದು ಎಣಿಸಿಕೊಂಡು ಬಾ, ನಾಳೆ ಗಿರಣಿಗೆ ಕೊಡಬೇಕು."

ತೇರಿನ ಬೀದಿಯ ಬಳೆ ಅಂಗಡಿಯಲ್ಲಿ ರಟ್ಟಿನ ಮೇಲೆ ಬರೆದಿತ್ತು: ಡಜನ್ 36, ಬಿಡಿ 4. ನಾನು ಮೊದಲನೆಯದನ್ನಷ್ಟೇ ಓದಿದೆ. ಹನ್ನೆರಡಕ್ಕೆ 36 ಅಂದರೆ ಒಂದಕ್ಕೆ 3, ಎಂಟಕ್ಕೆ 24. ನೂರಕ್ಕೆ 76 ವಾಪಸ್ ಬರಬೇಕು. ಅಂಗಡಿಯ ಅಜ್ಜಿ ಕೊಟ್ಟಿದ್ದು 68. ಎಂಟು ರೂಪಾಯಿ ಕಡಿಮೆ! ಕಣ್ಣಲ್ಲಿ ನೀರು ಬಂತು.

"ಯಾಕವ್ವಾ ಅಳ್ತಿ? ಪೂರಾ ಡಜನ್ ತಗೊಂಡ್ರ ಮೂರರ ರೇಟು. ಬಿಡಿ ತಗೊಂಡ್ರ ಒಂದಕ್ಕ ನಾಕು. ಎಂಟಕ್ಕ ಎಷ್ಟಾತು?"

ಮೂವತ್ತೆರಡು. ಅಜ್ಜಿ ಕೊಟ್ಟ ಚಿಲ್ಲರೆಯನ್ನು ಮತ್ತೆ ನನ್ನ ಅಂಗೈಯಲ್ಲಿ ಒಂದೊಂದಾಗಿ ಇಟ್ಟಳು. "ಮೂವತ್ತೆರಡು ನಿನ್ನ ಬಳಿದು." ಒಂದರ ಮೂರು ನಾಣ್ಯ ಇಟ್ಟು "ಮೂವತ್ತೈದು," ಐದರದ್ದು ಇಟ್ಟು "ನಲವತ್ತು," ಹತ್ತರ ನೋಟಿಗೆ "ಐವತ್ತು," ಐವತ್ತರ ನೋಟಿಗೆ "ನೂರು" ಅಂದಳು. ಕಳೆಯುವ ಲೆಕ್ಕವನ್ನು ಕೂಡುತ್ತ ಹೋಗಿ ಮುಗಿಸಿದ್ದಳು.

ಆಗ ನನಗೆ ಇನ್ನೊಂದು ಹೊಳೆಯಿತು. ಬಿಡಿಯಾಗಿ ಒಂಬತ್ತು ಬಳೆ ಕೊಂಡರೇ 36 ಆಗುತ್ತದೆ, ಅಷ್ಟಕ್ಕೇ ಪೂರಾ ಡಜನ್ ಸಿಗುತ್ತದೆ. ಎಂಟಕ್ಕೆ ಆಗಲೇ 32 ಕೊಟ್ಟಿದ್ದೆ. ಇನ್ನು ನಾಲ್ಕು ರೂಪಾಯಿಗೆ ನಾಲ್ಕು ಬಳೆ! ಐದರ ನಾಣ್ಯ ಕೊಟ್ಟು ಒಂದು ರೂಪಾಯಿ ವಾಪಸ್ ಪಡೆದೆ. ಕೈಯಲ್ಲಿ 64 ಉಳಿಯಿತು.

ಪೀಪಿ ಒಂದಕ್ಕೆ 5. ತಮ್ಮನಿಗೆ, ಕಾಕಾನ ಮಗನಿಗೆ, ನನಗೆ ಸೇರಿ ಮೂರಕ್ಕೆ 15. ನನ್ನ ಹತ್ತಿರ ಚಿಲ್ಲರೆ ಇದ್ದದ್ದು 14 ಮಾತ್ರ, ಹಾಗಾಗಿ ಐವತ್ತರ ನೋಟು ಕೊಟ್ಟೆ. ಗದ್ದಲದಲ್ಲಿ ಅವನು ಒಂದು ಐದರ ನಾಣ್ಯ, ಎರಡು ಹತ್ತರ ನೋಟು ಕೈಗೆ ತುರುಕಿದ. ಅಲ್ಲೇ ನಿಂತು ಅಜ್ಜಿಯ ಹಾಗೆ ಎಣಿಸಿದೆ: ಹದಿನೈದು, ಇಪ್ಪತ್ತು, ಮೂವತ್ತು, ನಲವತ್ತು. ಐವತ್ತು ಮುಟ್ಟಲಿಲ್ಲ.

"ಅಣ್ಣಾ, ಇನ್ನೂ ಹತ್ತು ಬರಬೇಕು."

ಅವನು ನನ್ನ ಕೈ ನೋಡಿ, ಮಾತಾಡದೆ ಹತ್ತರ ನೋಟು ಕೊಟ್ಟ. ಬೇಕಂತಲೇ ಮಾಡಿದನೋ, ಮರೆತನೋ ಗೊತ್ತಿಲ್ಲ. ಎರಡು ಹೆಜ್ಜೆ ದೂರ ಹೋಗಿ ಕೇಳಿದ್ದರೆ ಆ ಹತ್ತು ಸಿಗುತ್ತಿರಲಿಲ್ಲ.

ಮನೆಯಲ್ಲಿ ಲೆಕ್ಕ ಒಪ್ಪಿಸಿದೆ. ಬಳೆಗೆ 36, ಪೀಪಿಗೆ 15, ಒಟ್ಟು 51. ಕೈಯಲ್ಲಿ 49. ಎರಡೂ ಸೇರಿ ನೂರು. ಅವ್ವ ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಕೇಳಿದಳು: "ಲೆಕ್ಕ ಬರೋಬ್ಬರಿ ಐತಿ. ಆದ್ರ ನಾ ಹೇಳಿದ್ದು ಎಂಟು. ಅಗ್ಗ ಸಿಕ್ತು ಅಂತ ನಾಕು ರೂಪಾಯಿ ಜಾಸ್ತಿ ಕೊಟ್ಟು ಬಂದ್ಯಲ್ಲ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹೆಚ್ಚಿನ ನಾಲ್ಕು ಬಳೆಯನ್ನು ಅವ್ವ ಟ್ರಂಕಿನಲ್ಲಿಟ್ಟಳು. ಬೋರಿಂಗ್ ಹೊಡೆಯುವಾಗ ನನ್ನ ಎರಡು ಬಳೆ ಒಡೆದ ದಿನ, ಏನೂ ಅನ್ನದೆ ಅದರಲ್ಲಿ ಎರಡು ತೆಗೆದು ನನ್ನ ಕೈಗೆ ಏರಿಸಿದಳು.