ಠದ ಚುಕ್ಕಿ ಯಾವುದು?

ಜೂನ್ 3, ಸೋಮವಾರ

ಅಕ್ಕನ ಒಂದನೇ ತರಗತಿಗೆ ಅಕ್ಷರ ತಿದ್ದುವ ಹಾಳೆ ಬೇಕಂತೆ. ಪೇಟೆಯಲ್ಲಿ ಸಿಕ್ಕ ಪುಸ್ತಕವೊಂದನ್ನು ಕಳಿಸಿದ್ದಾಳೆ. ಅಚ್ಚಿನ ಫಾಂಟಿನ ದಪ್ಪ ಅಕ್ಷರದ ಅಂಚಿಗೆ ಸುತ್ತಲೂ ಚುಕ್ಕಿ ಪೋಣಿಸಿದ್ದಾರೆ. ಒಂದು ಗೆರೆಗೆ ಎರಡು ಸಾಲು ಚುಕ್ಕಿ. ಮಗು ಯಾವುದರ ಮೇಲೆ ಪೆನ್ಸಿಲ್ ಓಡಿಸಬೇಕು?

ಗೆರೆಯ ನಟ್ಟನಡುವಿನ ಹಾದಿ ಒಂದೇ ಇರಬೇಕು. ಪ್ರತಿ ಅಕ್ಷರವನ್ನೂ ಕೈ ಹೋಗುವ ದಿಕ್ಕಿನಲ್ಲೇ ಹೊಸದಾಗಿ ಬರೆಯುತ್ತೇನೆ. ನಲಿ-ಕಲಿಯ ಕ್ರಮದಲ್ಲೇ ಶುರು: ರ, ಗ, ಸ, ದ, ಅ.

ಜೂನ್ 4, ರಾತ್ರಿ

ಗ ಆಯಿತು. ಎಡಗಾಲಿನ ಬುಡದಿಂದ ಮೇಲಕ್ಕೆ, ಕಮಾನು ದಾಟಿ ಬಲಕ್ಕೆ ಇಳಿತ. ಆಮೇಲೆ ತಲೆಕಟ್ಟು. ಚುಕ್ಕಿಗೆ ಇಷ್ಟೇ ಸಾಕು:

```
stroke-linecap="round" stroke-dasharray="0 9"
```

ಹಾದಿಯ ಉದ್ದ 130. 9ರಂತೆ ಇಟ್ಟರೆ 14 ಹೆಜ್ಜೆಯಾಗಿ 4 ಉಳಿಯುತ್ತದೆ. ಕೊನೆಯ ಚುಕ್ಕಿ ಬುಡ ಮುಟ್ಟುವುದಿಲ್ಲ, ಬಲಗಾಲು ಮೊಟಕು. ಮಗು ಅದನ್ನೇ ಕಲಿಯುತ್ತದೆ. ಹಾಗಾಗಿ ಅಂತರ 9.28. ಪ್ರತಿ ಗೆರೆಗೂ ಹೀಗೆ ಭಾಗಿಸಬೇಕು. ಆಗಲಿ.

ಜೂನ್ 7, ಶುಕ್ರವಾರ

ಠ ಬರೆದು ನಿಂತುಬಿಟ್ಟೆ.

ರಕ್ಕೂ ಠಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ಸುತ್ತಲೂ ಚುಕ್ಕಿಗಳೇ ಇರುವಾಗ ಅದನ್ನು ಗುರುತಿಸುವುದು ಹೇಗೆ? ಥ ಕೂಡ ಹಾಗೇ. ಧದ ಅಡಿಯ ಸೀಳು ಗಿಡ್ಡ ಗೆರೆ. ಚುಕ್ಕಿ ಮಾಡಿದರೆ ಎರಡೇ ಉಳಿಯುತ್ತವೆ, ಧ ಹೋಗಿ ದ ಆಗುತ್ತದೆ. ಅನುಸ್ವಾರದ ಪುಟ್ಟ ಸೊನ್ನೆಯಲ್ಲಿ ಚುಕ್ಕಿಗಳು ಒಂದಕ್ಕೊಂದು ಅಂಟಿ ಕರಿ ಉಂಡೆ.

ಪೇಟೆಯ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಠ ಮತ್ತು ರ ಒಂದೇ ಥರ ಕಾಣುತ್ತವೆ. ಸಿಟ್ಟು ಬಂತು. ಅಕ್ಷರ ತಪ್ಪುವ ಮಕ್ಕಳನ್ನು ಬೈಯುತ್ತೇವಲ್ಲ.

ಜೂನ್ 8, ಬೆಳಿಗ್ಗೆ

ತಿದ್ದುವ ಚುಕ್ಕಿ ಸಣ್ಣದು, ತಿಳಿ ಬೂದು. ಅಕ್ಷರದ ಸ್ವಂತ ಚುಕ್ಕಿ ಅದರ ಎರಡರಷ್ಟು ಅಗಲ, ಕಡುಗಪ್ಪು. ಸೀಳು, ಅನುಸ್ವಾರ ಎರಡೂ ಕಡಿಯದ ಗೆರೆ.

ಆದರೆ ಎಲ್ಲಿಂದ ಶುರು ಎಂದು ತೋರಿಸಲು ದಪ್ಪ ಚುಕ್ಕಿಯನ್ನೇ ಇಡುವುದು ರೂಢಿ. ಠದಲ್ಲಿ ಅದೂ ಆಗದು. ಬಣ್ಣ ಹಾಕೋಣವೆಂದರೆ ಶಾಲೆಯಲ್ಲಿ ಜೆರಾಕ್ಸ್ ಕಪ್ಪು ಬಿಳುಪು. ಬಾಣದ ಮೊನೆಯೇ ಗತಿ, ಗೆರೆಯ ಹೊರಗೆ. ಎಡಗೈಯವರಿಗೆ ಎಡಬದಿಯ ಬಾಣ ಅಂಗೈ ಕೆಳಗೆ ಮುಚ್ಚಿಹೋಗುತ್ತದೆ. ಆದಷ್ಟು ಮೇಲಕ್ಕೆ ಇಡಬೇಕು.

ಜೂನ್ 11, ಮಂಗಳವಾರ

ಗೆರೆಗಳಿಗೆ 1, 2 ಎಂದು ಸಂಖ್ಯೆ ಹಾಕು ಅಂದಳು ಅಕ್ಕ. ಗದಲ್ಲಿ ತಲೆಕಟ್ಟು 2. ಗಿ, ಗಾ, ಗೆ ಬಂದರೆ ತಲೆಕಟ್ಟೇ ಹೋಗಿ ಅಲ್ಲಿ ಸ್ವರಚಿಹ್ನೆ ಕೂರುತ್ತದೆ. ಗುದಲ್ಲಿ ತಲೆಕಟ್ಟು ಉಳಿಯುತ್ತದೆ, ಕೊಂಬು 3. ಚಿಹ್ನೆಯೊಳಗೇ ಸಂಖ್ಯೆ ಬರೆದಿಟ್ಟರೆ ಘಕ್ಕೆ ಸೇರಿದಾಗ ಲೆಕ್ಕ ತಪ್ಪುತ್ತದೆ, ಅದಕ್ಕೆ ಸೀಳು ಬೇರೆ ಇದೆ. ಪ್ರತಿ ಗುಣಿತಾಕ್ಷರವನ್ನೂ ಬೇರೆಯಾಗಿ ಬರೆದರೆ ಮಾತ್ರ ಸಂಖ್ಯೆ ಸರಿ ಬರುತ್ತದೆ.

ಮೂಲಾಕ್ಷರಕ್ಕೆ ಸಂಖ್ಯೆ, ಕಾಗುಣಿತಕ್ಕೆ ಬಾಣ ಮಾತ್ರ. ಅಕ್ಕ ಒಪ್ಪಿಲ್ಲ.

ಜೂನ್ 12

ಪದಗಳು. ಸರ, ಗರಗಸ. ಅಕ್ಷರಗಳ ನಡುವಿನ ಜಾಗ ಚುಕ್ಕಿಗಳ ನಡುವಿನ ಜಾಗಕ್ಕೆ ಹತ್ತಿರವಾದರೆ ಪಕ್ಕದ ಅಕ್ಷರಕ್ಕೆ ಪೆನ್ಸಿಲ್ ಹಾರುತ್ತದೆ. ನಾಲ್ಕು ಪಟ್ಟು ಇಟ್ಟ ಮೇಲೆ ಬಿಡಿಬಿಡಿಯಾಗಿ ಕಂಡವು. ಸಾಲಿನ ಅಂತರ ಒತ್ತಕ್ಷರ ನೋಡಿ ಇಡಬೇಕು: ಅಮ್ಮ ಬರೆದರೆ ಮ-ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು.

ಜೂನ್ 14, ಶುಕ್ರವಾರ

ಶಾಲೆಗೆ ಹೋಗಿದ್ದೆ. ಹಿಂದಿನ ಬೆಂಚಿನ ಹುಡುಗಿ ಚುಕ್ಕಿಯಿಂದ ಚುಕ್ಕಿಗೆ ಪೆನ್ಸಿಲ್ ಊರಿ ಊರಿ ಹೋದಳು. ಹಾಳೆ ಮೇಲೆ ಗ ಮೂಲೆಮೂಲೆಯಾಗಿ ಬಂತು, ಪ್ರತಿ ಚುಕ್ಕಿಯ ಹತ್ತಿರ ಒತ್ತಿದ ಕಲೆ. ಅವಳು ಅಕ್ಷರ ಬರೆಯಲಿಲ್ಲ, ಚುಕ್ಕಿ ಮುಟ್ಟಿದಳು. ಅದೇ ಅಕ್ಷರವನ್ನು ತೆಳು ಬೂದು ಗೆರೆಯಲ್ಲಿ ಕೊಟ್ಟಾಗ ಕೈ ನಿಲ್ಲದೆ ಸುತ್ತಿತು.

ಇನ್ನೊಬ್ಬ ಗವನ್ನು ಬಲಗಾಲಿನಿಂದ ಹಿಂದುಮುಂದಾಗಿ ಬರೆದ. ಮುಗಿದ ಹಾಳೆಯಲ್ಲಿ ಅದು ಗೊತ್ತೇ ಆಗದು. ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ ಕಾಣುತ್ತದೆ.

ಹಾಗಾದರೆ ಚುಕ್ಕಿ ಬೇಕೇ? ಮನಸ್ಸು ಸರಿಯಿಲ್ಲ.

ಜೂನ್ 18, ಮಂಗಳವಾರ

ರ ಎಲ್ಲಿಂದ ಶುರು? ಅಕ್ಕ ಎಡದಿಂದ ಸುತ್ತುತ್ತಾಳೆ, ಅಮ್ಮ ಬಲದಿಂದ. ಇಬ್ಬರ ಅಕ್ಷರವೂ ಚೆನ್ನ. “ತರಗತಿಗೆಲ್ಲ ಒಂದೇ ಇರಲಿ ಕಣೇ, ಯಾವುದಾದರೂ ಸರಿ,” ಅಂದಳು ಅಕ್ಕ. ಎಡದ್ದು ಇಟ್ಟೆ. ಸರಿಯೋ ತಿಳಿಯದು.

ಹಾಳೆಯ ಕ್ರಮ ಬದಲಿಸಿದೆ: ಮೊದಲ ಸಾಲು ಬೂದು ಗೆರೆ, ಎರಡನೆಯದು ಒತ್ತಾದ ಚುಕ್ಕಿ, ಮೂರನೆಯದು ವಿರಳ ಚುಕ್ಕಿ, ನಾಲ್ಕನೆಯದರಲ್ಲಿ ಬಾಣ ಮಾತ್ರ, ಐದನೆಯದು ಖಾಲಿ. ಠ, ಥ, ಧಗಳಿಗೆ ವಿರಳ ಚುಕ್ಕಿಯ ಸಾಲು ಇಲ್ಲ.