ಮೈನಸ್ ಗುರುತು ಎಲ್ಲಿ ಹೋಯಿತು?

ಈಗ ಮನೆಯಲ್ಲೇ ಕುಳಿತು ಓದಿಕೊಳ್ಳುವ ಮಕ್ಕಳು ಬಿಡಿಸಿದ ಲೆಕ್ಕಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ‘ಸರಿ ಇದೆಯಾ ನೋಡಿ ಸಾರ್’ ಎಂಬ ಒಂದು ಸಾಲು ಜೊತೆಗಿರುತ್ತದೆ. ಕಡೆಯ ಉತ್ತರ ಸರಿಯೋ ತಪ್ಪೋ ಎಂಬುದು ಪುಸ್ತಕದ ಕೊನೆಯ ಪುಟ ತೆರೆದರೆ ಅವರಿಗೇ ಗೊತ್ತಾಗುತ್ತದೆ. ಅವರಿಗೆ ಬೇಕಾದದ್ದು ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂಬುದು. ಅದನ್ನು ಹೇಳಬೇಕಾದರೆ ಫೋಟೋದಲ್ಲಿ ಪ್ರತಿ ಸಾಲೂ ಕಾಣಬೇಕಲ್ಲ!

ಕಳೆದ ವರ್ಷ ಪಿ.ಯು.ಸಿ. ಹುಡುಗನೊಬ್ಬ ಕಳಿಸಿದ ಲೆಕ್ಕ ಹೀಗಿತ್ತು. 25 ಮೀಟರ್ ಎತ್ತರದ ಗೋಪುರದ ಮೇಲಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡನ್ನು ಮೇಲಕ್ಕೆ ಎಸೆದರೆ ಅದು ನೆಲ ಮುಟ್ಟಲು ಎಷ್ಟು ಹೊತ್ತು ಬೇಕು? g ಬೆಲೆ 10 ಎಂದಿಟ್ಟುಕೊಳ್ಳಿ. ಹುಡುಗನ ಉತ್ತರ 1 ಸೆಕೆಂಡು. ಚೆಂಡು ಮೇಲೇರಿ ನಿಲ್ಲುವುದಕ್ಕೇ 2 ಸೆಕೆಂಡು ಬೇಕು, ಹಾಗಾಗಿ ಉತ್ತರ ತಪ್ಪೆಂಬುದರಲ್ಲಿ ಅನುಮಾನವಿಲ್ಲ. ನಾಲ್ಕನೆಯ ಸಾಲಿನಲ್ಲಿ 25 = 20t + 5t² ಎಂದಿತ್ತು. ಕೆಳಮುಖವನ್ನು ಧನವೆಂದು ಹಿಡಿದಿದ್ದರಿಂದ ಅದು 25 = −20t + 5t² ಆಗಬೇಕಿತ್ತು; ಆಗ 5 ಸೆಕೆಂಡು ಬರುತ್ತದೆ.

ಆದರೆ ಹುಡುಗ ಎಡವಿದ್ದು ಎಲ್ಲಿ? ದಿಕ್ಕಿನ ಚಿಹ್ನೆಯ ನಿಯಮವೇ ತಿಳಿದಿಲ್ಲವೋ, ತಿಳಿದೂ ಬರೆದುಕೊಳ್ಳುವಾಗ ಬಿಟ್ಟನೋ? ಮೊದಲನೆಯದಾದರೆ ಪಾಠವನ್ನೇ ಮತ್ತೆ ಓದಬೇಕು, ಎರಡನೆಯದಾದರೆ ಒಂದು ಎಚ್ಚರಿಕೆ ಸಾಕು. ಎರಡನೆಯ ಸಾಲಿನ u ಬೆಲೆ ನೋಡಿದರೆ ತೀರ್ಮಾನವಾಗುತ್ತದೆ. ಆ ಸಾಲಿನ ಎಡತುದಿಯೋ, ನೋಟ್‌ಬುಕ್ಕಿನ ಹೊಲಿಗೆಯ ಕಡೆಗೆ ಬಾಗಿ ಕತ್ತಲಲ್ಲಿ ಮುಳುಗಿತ್ತು. ಇನ್ನೊಂದು ಫೋಟೋ ತರಿಸಿದೆ. u = −20 ಎಂದು ಸ್ಪಷ್ಟವಾಗಿ ಬರೆದಿದ್ದ. ಹುಡುಗನಿಗೆ ನಿಯಮ ಗೊತ್ತಿತ್ತು. ನಾಲ್ಕನೆಯ ಸಾಲಿಗೆ ಇಳಿಸುವಾಗ ಮೈನಸ್ ಬಿಟ್ಟುಹೋಗಿತ್ತು.

ಹೊಲಿಗೆಯ ಪುಸ್ತಕದಲ್ಲಿ ಈ ತೊಂದರೆ ಇದ್ದದ್ದೇ. ಬಿಡಿ ಹಾಳೆಯಲ್ಲಿ ಬರೆದರೆ ಅದು ಹೋಗುತ್ತದೆ. ಪುಸ್ತಕವೇ ಬೇಕೆಂದರೆ ಹೊಲಿಗೆಯ ಪಕ್ಕ ಎರಡು ಬೆರಳು ಜಾಗ ಬಿಟ್ಟು ಬರೆಯಿರಿ. ಫೋಟೋ ತೆಗೆಯುವಾಗ ಪುಟ ಚಪ್ಪಟೆಯಾಗಿ ಕೂರುವಂತೆ ಎದುರು ಪುಟದ ಮೇಲೆ ಭಾರವಾದ ಡಿಕ್ಷನರಿಯೊಂದನ್ನು ಇಡಿ. ಒಂದು ಫೋಟೋಗೆ ಒಂದೇ ಪುಟ. ಪುಟದ ನಾಲ್ಕು ಮೂಲೆಗಳೂ ಚೌಕಟ್ಟಿನೊಳಗೆ ಕಾಣಬೇಕು, ಫೋನು ಪುಟಕ್ಕೆ ಸಮಾಂತರವಾಗಿರಬೇಕು. ಓರೆಯಾಗಿ ಹಿಡಿದರೆ ದೂರದ ಸಾಲುಗಳು ಕುಗ್ಗಿ, t ಮೇಲಿನ ಪುಟ್ಟ 2 ಒಂದು ಚುಕ್ಕೆಯಂತಾಗುತ್ತದೆ.

ಬೆಳಕಿನ ವಿಷಯದಲ್ಲಿ ಕಿಟಕಿಯ ಪಕ್ಕದ ಹಗಲು ಬೆಳಕಿಗೆ ಸಮನಾದದ್ದಿಲ್ಲ, ಆದರೆ ನೇರ ಬಿಸಿಲು ಬೇಡ. ರಾತ್ರಿಯಾದರೆ ಟ್ಯೂಬ್‌ಲೈಟಿನ ಕೆಳಗೇ ನಿಲ್ಲಬೇಡಿ. ನಿಮ್ಮ ತಲೆಯ ಮತ್ತು ಫೋನಿನ ನೆರಳು ಪುಟದ ನಡುವೆ ಬೀಳುತ್ತದೆ. ಬೆಳಕು ಪಕ್ಕದಿಂದ ಬರುವಂತೆ ಮೇಜನ್ನು ತಿರುಗಿಸಿಕೊಳ್ಳಿ. ಫ್ಲ್ಯಾಷ್ ಹಾಕಲೇಬೇಡಿ. ಪೆನ್ಸಿಲ್ ಬರಹ ಆ ಬೆಳಕಿಗೆ ಹೊಳೆದು ಮಾಯವಾಗುತ್ತದೆ. ನಾನಂತೂ ನೀಲಿ ಅಥವಾ ಕಪ್ಪು ಪೆನ್ನಿನಲ್ಲೇ ಬರೆಯಿರಿ ಎನ್ನುತ್ತೇನೆ. ಗೆರೆ ಹಾಳೆಯಲ್ಲಿ ಮೈನಸ್ ಗುರುತು ಅಚ್ಚಿನ ಗೆರೆಯ ಮೇಲೇ ಕುಳಿತರೆ ಎರಡೂ ಒಂದಾಗಿಬಿಡುತ್ತವೆ, ಸ್ವಲ್ಪ ಎತ್ತರದಲ್ಲಿ ಬರೆಯಬೇಕು. ಸ್ಕ್ಯಾನ್ ಮಾಡುವ ಆ್ಯಪ್‌ಗಳ ಕಪ್ಪು-ಬಿಳುಪು ವಿಧಾನವೂ ಇಂಥದೇ ಕಳ್ಳ. ಪುಟವನ್ನು ಚೆಂದ ಕಾಣಿಸಲು ಹೋಗಿ ತೆಳುವಾದ ದಶಮಾಂಶ ಬಿಂದುವನ್ನು ಅಳಿಸಿಬಿಡಬಹುದು.

ಇನ್ನು ಪುಟಸಂಖ್ಯೆ. ಮೂರು ಪುಟದ ಲೆಕ್ಕವಾದರೆ ಬಲ ಮೂಲೆಯಲ್ಲಿ ‘ಪ್ರಶ್ನೆ 7, ಪುಟ 2/3’ ಎಂದು ಬರೆಯಿರಿ. ಚಿತ್ರಗಳು ಹಿಂದುಮುಂದಾಗಿ ಬಂದರೂ ಜೋಡಿಸಿಕೊಳ್ಳಬಹುದು, ಮೂರನೆಯದು ಬಂದೇ ಇಲ್ಲ ಎಂಬುದೂ ತಿಳಿಯುತ್ತದೆ. ಎಡ ಅಂಚಿನಲ್ಲಿ ಸಾಲುಗಳಿಗೆ 1, 2, 3 ಎಂದು ಸಂಖ್ಯೆ ಹಾಕಿ. ಆಗ ತಿದ್ದುವವರು ‘ಪುಟ 1, ಸಾಲು 4, ಚಿಹ್ನೆ’ ಎಂದಷ್ಟೇ ಬರೆದರೆ ಸಾಕು. ಪ್ರಶ್ನೆಯನ್ನು ಮೊದಲ ಪುಟದ ಮೇಲ್ಭಾಗದಲ್ಲಿ ಬರೆದುಕೊಂಡಿರಿ. ಎತ್ತರ 25 ಇದ್ದದ್ದನ್ನು 35 ಎಂದು ಓದಿಕೊಂಡ ತಪ್ಪು ಸಿಗುವುದು ಅಲ್ಲಿಯೇ.

ಕಳಿಸುವ ಮುನ್ನ ಪುಸ್ತಕ ಮುಚ್ಚಿ, ಫೋಟೋವನ್ನು ಹಿಗ್ಗಿಸಿ, ಬರೀ ಅದನ್ನೇ ನೋಡಿ ಲೆಕ್ಕವನ್ನು ಓದಿ. ಪುಸ್ತಕ ತೆರೆದಿದ್ದರೆ ಕಾಣದ ಗುರುತನ್ನೂ ಮನಸ್ಸು ತುಂಬಿಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ತೆಗೆದಂತೆಯೇ ತಲುಪುತ್ತದೆ.

ತಪ್ಪಾದ ಸಾಲನ್ನು ಅಳಿಸಿ ಅಚ್ಚುಕಟ್ಟು ಪ್ರತಿ ಮಾಡಿ ಕಳಿಸುವ ಮಕ್ಕಳಿದ್ದಾರೆ, ಮಾಡಿಸುವ ಅಪ್ಪ-ಅಮ್ಮಂದಿರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಗೆರೆ ಎಳೆದು ಹೊಡೆದುಹಾಕಿದ ಸಾಲು ಹಾಗೇ ಫೋಟೋದಲ್ಲಿರಲಿ. ಹುಡುಗ ಮೊದಲು ಏನೆಂದುಕೊಂಡ, ಆಮೇಲೆ ಏಕೆ ಬದಲಿಸಿದ ಎಂಬುದು ನಮಗೆ ಕಾಣುವುದು ಅಲ್ಲಿ ಮಾತ್ರ.